ಮುದ್ರಣಕ್ಕೆ ಮುನ್ನ ಲಿಖಿತ ಒಪ್ಪಿಗೆ

ಡಿಸೈನರ್ ಗ್ರಾಹಕರಿಗೆ ಮೊದಲು ತೋರಿಸುವುದು ಮಾಕಪ್, ಅಂದರೆ ಸಿದ್ಧವಾದ ವಸ್ತು ಹೇಗೆ ಕಾಣುತ್ತದೆ ಎಂಬುದರ ಮಾದರಿ ಚಿತ್ರ. ಅದನ್ನು ಗ್ರಾಹಕರು ಒಪ್ಪುವವರೆಗೆ ಮುಂದಿನ ಕೆಲಸ ಶುರುವಾಗುವುದಿಲ್ಲ. ಆದ್ದರಿಂದ ಒಪ್ಪಿಗೆಯನ್ನು ಬರವಣಿಗೆಯಲ್ಲಿ, ಇಂಥ ದಿನದೊಳಗೆ ಬೇಕು ಎಂದು ಕೇಳಲಾಗುತ್ತದೆ. ಇದರ ಅಗತ್ಯ ಎದ್ದು ಕಾಣುವುದು ಪ್ಯಾಕೇಜಿಂಗ್ ಕೆಲಸದಲ್ಲಿ.

ಕಾಫಿಪುಡಿಯ ವ್ಯಾಪಾರಿಯೊಬ್ಬರು ದೀಪಾವಳಿಯ ಮಾರಾಟಕ್ಕಾಗಿ 200 ಗ್ರಾಂ ಪೌಚ್‌ಗೆ ಹೊಸ ವಿನ್ಯಾಸ ಮಾಡಿಸುತ್ತಿದ್ದಾರೆ ಎಂದುಕೊಳ್ಳೋಣ. ಇಂಥ ಪೌಚ್‌ಗಳನ್ನು ದೊಡ್ಡ ಪ್ರಮಾಣದಲ್ಲಿ ಅಚ್ಚು ಹಾಕುವುದು ಸಾಮಾನ್ಯವಾಗಿ ಗ್ರಾವ್ಯೂರ್ ವಿಧಾನದಲ್ಲಿ. ಅದರಲ್ಲಿ ಒಂದೊಂದು ಬಣ್ಣಕ್ಕೂ ಒಂದೊಂದು ಲೋಹದ ಸಿಲಿಂಡರ್ ಕೆತ್ತಿಸಬೇಕು. ಕೆತ್ತನೆಯ ನಂತರ ಒಂದು ಅಕ್ಷರ ತಪ್ಪಿದ್ದು ಕಂಡರೂ ಆ ಅಕ್ಷರ ಯಾವ ಬಣ್ಣದಲ್ಲಿದೆಯೋ ಆ ಸಿಲಿಂಡರನ್ನು ಮತ್ತೆ ಮಾಡಿಸಬೇಕಾಗುತ್ತದೆ. ಹಣದ ಜೊತೆ ದಿನಗಳೂ ಕೈಬಿಡುತ್ತವೆ.

ಗಡುವನ್ನು ಕೊನೆಯ ದಿನದಿಂದ ಹಿಂದಕ್ಕೆ ಎಣಿಸಿ ಗೊತ್ತುಮಾಡಬೇಕು. ಪೌಚ್‌ಗಳು ಅಕ್ಟೋಬರ್ 10ಕ್ಕೆ ಗೋದಾಮಿನಲ್ಲಿರಬೇಕು. ಮುದ್ರಣ, ಲ್ಯಾಮಿನೇಷನ್, ಕತ್ತರಿಸಿ ಪೌಚ್ ಮಾಡುವುದಕ್ಕೆ 10 ದಿನ, ಸಿಲಿಂಡರ್‌ಗೆ 7 ದಿನ, ಕಡತವನ್ನು ಮುದ್ರಣಕ್ಕೆ ಸಜ್ಜುಗೊಳಿಸಲು 3 ದಿನ ಬೇಕೆಂದು ಮುದ್ರಕರು ಹೇಳಿದ್ದಾರೆ. ಒಟ್ಟು 20 ದಿನ ಕಳೆದರೆ ಒಪ್ಪಿಗೆಗೆ ಉಳಿಯುವ ಕೊನೆಯ ದಿನ ಸೆಪ್ಟೆಂಬರ್ 20. ಮಧ್ಯೆ ಒಂದು ಸುತ್ತು ತಿದ್ದುಪಡಿಯೂ ಆಗಬೇಕಾದ್ದರಿಂದ ಮೊದಲ ಮಾಕಪ್ 9ಕ್ಕೆ ಹೋಗಬೇಕು, ತಿದ್ದುಪಡಿಗಳು 13ರೊಳಗೆ ಬರಬೇಕು, ಎರಡನೆಯ ಆವೃತ್ತಿ 16ಕ್ಕೆ ತಲುಪಬೇಕು. ಈ ಲೆಕ್ಕವನ್ನು ಗ್ರಾಹಕರಿಗೂ ತೋರಿಸಿದರೆ ಗಡುವು ಡಿಸೈನರ್‌ನ ಹಟದಂತೆ ಕಾಣುವುದಿಲ್ಲ.

ಒಪ್ಪಿಗೆ ಕೇಳುವ ಮೇಲ್ ಚಿಕ್ಕದಾಗಿದ್ದರೆ ಸಾಕು, ಆದರೆ ಅದರಲ್ಲಿ ಯಾವುದೂ ಅಸ್ಪಷ್ಟವಾಗಿರಬಾರದು. ಒಂದು ಮಾದರಿ ಹೀಗಿದೆ:

“ಮಾನ್ಯರೇ, 200 ಗ್ರಾಂ ಪೌಚ್‌ನ ಎರಡನೆಯ ಆವೃತ್ತಿಯನ್ನು (Pouch_200g_V2.pdf) ಲಗತ್ತಿಸಿದೆ. ದಯವಿಟ್ಟು ಬರಹ, ಅಂಕಿಗಳು ಮತ್ತು ಜೋಡಣೆಯನ್ನು ಪರಿಶೀಲಿಸಿ, ಸೆಪ್ಟೆಂಬರ್ 20ರ ಸಂಜೆ 6 ಗಂಟೆಯೊಳಗೆ ‘V2ಗೆ ಒಪ್ಪಿಗೆ ಇದೆ’ ಎಂದು ಈ ಮೇಲ್‌ಗೇ ಉತ್ತರಿಸಿ. ತಿದ್ದುಪಡಿ ಇದ್ದರೆ ಎಲ್ಲವನ್ನೂ ಒಂದೇ ಪಟ್ಟಿಯಲ್ಲಿ ಕಳುಹಿಸಿ. ಒಪ್ಪಿಗೆ ತಡವಾದಷ್ಟು ದಿನ ಪೌಚ್‌ಗಳೂ ತಡವಾಗುತ್ತವೆ.”

ಯಾವ ಕಡತ, ಏನನ್ನು ನೋಡಬೇಕು, ಯಾವ ಹೊತ್ತಿನೊಳಗೆ, ತಡವಾದರೆ ಏನು ಎಂಬ ನಾಲ್ಕೂ ಇದರಲ್ಲಿವೆ. ‘ಏನನ್ನು ನೋಡಬೇಕು’ ಎಂಬುದನ್ನು ಬಿಡಿಸಿ ಹೇಳದಿದ್ದರೆ ಗ್ರಾಹಕರ ಕಣ್ಣು ಬಣ್ಣ, ಚಿತ್ರಗಳ ಮೇಲೆಯೇ ನಿಲ್ಲುತ್ತದೆ. ಚಿಕೋರಿ ಬೆರೆಸಿದ ಕಾಫಿಯ ಪೌಚ್ ಮೇಲೆ ಕಾಫಿ ಎಷ್ಟು ಶೇಕಡಾ, ಚಿಕೋರಿ ಎಷ್ಟು ಶೇಕಡಾ ಎಂದು ನಮೂದಿಸುವುದು ಕಡ್ಡಾಯ. ಮಾಕಪ್‌ನಲ್ಲಿ 60:40 ಎಂದಿದ್ದು, ಅಂಗಡಿಯ ಮಿಶ್ರಣ 70:30 ಆಗಿದ್ದರೆ ಅದು ಗೊತ್ತಾಗುವುದು ವ್ಯಾಪಾರಿಗೆ ಮಾತ್ರ. ಎಫ್ಎಸ್ಎಸ್ಎಐ ಪರವಾನಗಿಯ 14 ಅಂಕಿಗಳು, ನಿವ್ವಳ ತೂಕ ಮತ್ತು ತಯಾರಕರ ವಿಳಾಸವನ್ನೂ ಅವರೇ ಮೂಲ ದಾಖಲೆಯ ಜೊತೆ ಹೋಲಿಸಿ ನೋಡಬೇಕು.

ಬಂದ ಉತ್ತರವೆಲ್ಲ ಒಪ್ಪಿಗೆಯಲ್ಲ. ವಾಟ್ಸ್ಆ್ಯಪ್‌ನಲ್ಲಿ ಬಂದ ಹೆಬ್ಬೆರಳಿನ ಗುರುತು ಯಾವ ಆವೃತ್ತಿಗೆ ಎಂಬುದು ಆಮೇಲೆ ಗೊತ್ತಾಗುವುದಿಲ್ಲ. ‘ಚೆನ್ನಾಗಿದೆ, ಹೆಸರು ಸ್ವಲ್ಪ ದೊಡ್ಡದಾಗಲಿ’ ಎಂಬುದು ತಿದ್ದುಪಡಿ. ಅದನ್ನು ಮಾಡಿ, ಹೊಸ ಆವೃತ್ತಿ ಕಳುಹಿಸಿ, ಮತ್ತೆ ಒಪ್ಪಿಗೆ ಪಡೆಯಬೇಕು. ಅಣ್ಣ ಒಪ್ಪಿ ತಮ್ಮ ಬೇಡವೆನ್ನುವ ಮನೆತನದ ವ್ಯಾಪಾರಗಳಲ್ಲಿ ಕೊನೆಯ ಮಾತು ಯಾರದು ಎಂಬುದನ್ನು ಕೆಲಸ ಶುರುವಾಗುವಾಗಲೇ ಬರೆದಿಟ್ಟುಕೊಳ್ಳಬೇಕು. ಫೋನಿನಲ್ಲಿ ಒಪ್ಪಿದರೆ, ಆ ಮಾತನ್ನೇ ಮೇಲ್ ಮಾಡಿ ‘ಹೌದು’ ಎಂಬ ಉತ್ತರ ತರಿಸಿಕೊಳ್ಳುವುದು ವಾಡಿಕೆ. ಮಾಹಿತಿ ತಂತ್ರಜ್ಞಾನ ಕಾಯ್ದೆ 2000 ವಿದ್ಯುನ್ಮಾನ ದಾಖಲೆಗಳಿಗೆ ಮಾನ್ಯತೆ ಕೊಟ್ಟಿರುವುದರಿಂದ ಮೇಲ್‌ನ ಉತ್ತರಕ್ಕೂ ಬೆಲೆಯಿದೆ.

ಗಡುವಿಗೆ ಎರಡು ದಿನ ಮೊದಲು ಒಂದು ನೆನಪಿನ ಮೇಲ್, ಅಂದು ಬೆಳಿಗ್ಗೆ ಒಂದು ಫೋನ್ ಕರೆ ಸಾಕು. ಆದರೂ ಉತ್ತರ ಬಾರದಿದ್ದರೆ ಮೌನವನ್ನು ಸಮ್ಮತಿ ಎಂದುಕೊಂಡು ಸಿಲಿಂಡರ್ ಕೆತ್ತಿಸುವುದು ಅಪಾಯ. ‘ಉತ್ತರ ಬಾರದಿದ್ದರೆ ಒಪ್ಪಿಗೆ ಎಂದೇ ಭಾವಿಸಲಾಗುವುದು’ ಎಂಬ ಷರತ್ತು ಬೇಕಿದ್ದರೆ ಅದು ಮೊದಲ ಒಪ್ಪಂದದಲ್ಲೇ ಇರಬೇಕು, ಕೊನೆಯ ಮೇಲ್‌ನಲ್ಲಿ ಸೇರಿಸಿದರೆ ವಿವಾದವಾಗುತ್ತದೆ. ಅಂಥ ಷರತ್ತು ಇಲ್ಲದಿದ್ದಾಗ ಕೆಲಸ ನಿಲ್ಲಿಸಿ, 21ರಂದೇ ಹೊಸ ವೇಳಾಪಟ್ಟಿ ಕಳುಹಿಸಬೇಕು: ಒಪ್ಪಿಗೆ 24ಕ್ಕೆ ಬಂದರೆ ಪೌಚ್ ಅಕ್ಟೋಬರ್ 14ಕ್ಕೆ. ಮುದ್ರಕರ ಯಂತ್ರ ಅಷ್ಟರಲ್ಲಿ ಬೇರೆ ಕೆಲಸಕ್ಕೆ ಹೋಗಿದ್ದರೆ ಇನ್ನೂ ತಡವಾಗಬಹುದು ಎಂಬುದನ್ನೂ ತಿಳಿಸಬೇಕು.

ಮಾಕಪ್‌ನ ಒಪ್ಪಿಗೆ ಬಣ್ಣಕ್ಕೆ ಅನ್ವಯಿಸುವುದಿಲ್ಲ. ಮೊಬೈಲ್ ಪರದೆಯಲ್ಲಿ ಕಂಡ ಕಂದು ಬಣ್ಣ ಫಿಲ್ಮ್ ಮೇಲೆ ಹಾಗೆಯೇ ಬರುವುದಿಲ್ಲ. ಅದಕ್ಕೆ ಮುದ್ರಕರು ಕೊಡುವ ಪ್ರೂಫ್ ನೋಡಿ ಬೇರೆಯಾಗಿಯೇ ಸಹಿ ಹಾಕಬೇಕು, ಆ ಸಹಿಯ ದಿನವೂ ವೇಳಾಪಟ್ಟಿಯಲ್ಲಿ ಇರಬೇಕು.