ಅರ್ಧ ಸೆಕೆಂಡ್ ಯಾಕೆ ಹೆಚ್ಚಾಯಿತು?

ಒಂದು ಮೀಟರ್ ಉದ್ದದ ತಾಮ್ರದ ಸರಳನ್ನು ತೆಗೆದುಕೊಳ್ಳೋಣ. ಅದರ ಎರಡೂ ತುದಿಗಳು ಕರಗುತ್ತಿರುವ ಮಂಜುಗಡ್ಡೆಯಲ್ಲಿ ಹುದುಗಿವೆ, ಹಾಗಾಗಿ ಅಲ್ಲಿ ಯಾವಾಗಲೂ ಸೊನ್ನೆ ಡಿಗ್ರಿ. ನಟ್ಟನಡುವೆ 100 ಡಿಗ್ರಿ ಬಿಸಿಯಿದ್ದು, ಅಲ್ಲಿಂದ ಎರಡೂ ಕಡೆಗೆ ನುಣುಪಾಗಿ ಇಳಿಯುತ್ತದೆ. ಸುತ್ತಲಿನ ಗಾಳಿಗೆ ಶಾಖ ಸೋರುವುದಿಲ್ಲ ಎಂದಿಟ್ಟುಕೊಂಡು, ಈ ಸರಳು ತಣಿಯುವ ಬಗೆಯನ್ನು ಕಂಪ್ಯೂಟರಿನಲ್ಲಿ ಲೆಕ್ಕ ಹಾಕಬೇಕು. ಪ್ರತಿ ಸೆಂಟಿಮೀಟರಿಗೆ ಒಂದರಂತೆ ತುದಿಗಳ ನಡುವೆ 99 ಬಿಂದುಗಳನ್ನು ಗುರುತಿಸಿ, ಸಮಯವನ್ನು 0.4 ಸೆಕೆಂಡಿನ ಹೆಜ್ಜೆಗಳಲ್ಲಿ ಮುಂದೆ ನಡೆಸಿದರೆ ಎಲ್ಲವೂ ಸರಿಯಾಗಿ ಬರುತ್ತದೆ. ಹೆಜ್ಜೆಯನ್ನು 0.5 ಸೆಕೆಂಡ್ ಮಾಡಿದರೆ ಮೊದಲ ಒಂದು ನಿಮಿಷ ಏನೂ ಕೆಟ್ಟಂತೆ ಕಾಣುವುದಿಲ್ಲ. ಒಂದೂವರೆ ನಿಮಿಷ ಕಳೆದ ಮೇಲೆ ನುಣುಪಾಗಿದ್ದ ರೇಖೆಯಲ್ಲಿ ಗರಗಸದ ಹಲ್ಲುಗಳು ಮೂಡುತ್ತವೆ. ಎರಡು ನಿಮಿಷದ ಹೊತ್ತಿಗೆ ಒಂದು ಬಿಂದು ಸಾವಿರಾರು ಡಿಗ್ರಿ ಬಿಸಿ, ಪಕ್ಕದ್ದು ಸೊನ್ನೆಗಿಂತ ಸಾವಿರಾರು ಡಿಗ್ರಿ ಕೆಳಗೆ!

ಪ್ರೋಗ್ರಾಮಿನಲ್ಲಿ ತಪ್ಪಿಲ್ಲ, ಸೂತ್ರವೂ ಸರಿಯಾಗಿಯೇ ಇದೆ. ಸೆಕೆಂಡಿನ ಹತ್ತನೇ ಒಂದು ಭಾಗ ಇಷ್ಟೊಂದು ಅನಾಹುತ ಮಾಡಿದ್ದು ಹೇಗೆ ಎಂದು ತಿಳಿಯಲು ಆ ಸೂತ್ರವನ್ನೇ ಬಿಡಿಸಿ ನೋಡಬೇಕು.

ಶಾಖ ಬಿಸಿಯ ಕಡೆಯಿಂದ ತಂಪಿನ ಕಡೆಗೆ ಹರಿಯುತ್ತದೆ. ಆದ್ದರಿಂದ ಒಂದು ಬಿಂದುವಿನ ಮುಂದಿನ ಉಷ್ಣತೆ ಅದರ ಈಗಿನ ಉಷ್ಣತೆಯನ್ನೂ ಎಡಬಲದ ನೆರೆಯವರ ಉಷ್ಣತೆಯನ್ನೂ ಅವಲಂಬಿಸಿದೆ:

ಹೊಸದು = r × ಎಡ + (1 − 2r) × ತನ್ನದು + r × ಬಲ

ಬಲಗಡೆ ಇರುವುದೆಲ್ಲ ನಮಗೆ ಈಗಾಗಲೇ ಗೊತ್ತಿರುವ ಸಂಖ್ಯೆಗಳು. ಗುಣಿಸಿ ಕೂಡಿದರೆ ಮುಗಿಯಿತು, ಯಾವ ಸಮೀಕರಣವನ್ನೂ ಬಿಡಿಸಬೇಕಾಗಿಲ್ಲ. ಇದನ್ನು ನೇರ ವಿಧಾನ ಎನ್ನೋಣ. ಇಲ್ಲಿ r = αΔt/Δx². Δt ಎಂದರೆ ಸಮಯದ ಹೆಜ್ಜೆ, Δx ಎಂದರೆ ಬಿಂದುಗಳ ನಡುವಿನ ಅಂತರ. ಆ ಲೋಹದಲ್ಲಿ ಶಾಖ ಎಷ್ಟು ಬೇಗ ಹರಡುತ್ತದೆ ಎಂಬುದನ್ನು α ಹೇಳುತ್ತದೆ. ತಾಮ್ರಕ್ಕೆ ಅದು ಸೆಕೆಂಡಿಗೆ ಸುಮಾರು 1.1 ಚದರ ಸೆಂಟಿಮೀಟರ್. ಅಂತರ ಒಂದು ಸೆಂಟಿಮೀಟರ್ ಆದ್ದರಿಂದ 0.4 ಸೆಕೆಂಡಿನ ಹೆಜ್ಜೆಗೆ r = 0.44, 0.5 ಸೆಕೆಂಡಿನ ಹೆಜ್ಜೆಗೆ r = 0.55. ಇವೆರಡರ ನಡುವೆ 0.5 ಎಂಬ ಗಡಿ ಇದೆ. ಅದನ್ನು ದಾಟಿದೊಡನೆ (1 − 2r) ಋಣಸಂಖ್ಯೆಯಾಗುತ್ತದೆ. ಒಂದು ಬಿಂದು ಈಗ ಹೆಚ್ಚು ಬಿಸಿಯಾಗಿದ್ದಷ್ಟೂ ಮುಂದಿನ ಹೆಜ್ಜೆಯಲ್ಲಿ ಹೆಚ್ಚು ತಂಪಾಗಬೇಕು ಎಂದು ಸೂತ್ರ ಹೇಳತೊಡಗುತ್ತದೆ. ಯಾವ ಲೋಹವೂ ಹಾಗೆ ನಡೆದುಕೊಳ್ಳುವುದಿಲ್ಲ.

ಏನೋ ಎಡವಟ್ಟಿದೆ ಎಂದು ಇದರಿಂದ ತಿಳಿಯುತ್ತದೆ. ಆದರೆ ಅದು ಹೆಜ್ಜೆಹೆಜ್ಜೆಗೂ ಬೆಳೆಯುವುದೇಕೆ ಎಂಬುದಕ್ಕೆ ಉತ್ತರ ಐಗನ್ ಮೌಲ್ಯಗಳಲ್ಲಿದೆ. ಎಲ್ಲ ಬಿಂದುಗಳ ಉಷ್ಣತೆಯನ್ನು ಒಂದು ಪಟ್ಟಿಯಾಗಿ ಬರೆದರೆ, ಒಂದು ಹೆಜ್ಜೆ ಇಡುವುದೆಂದರೆ ಆ ಪಟ್ಟಿಯನ್ನು ಒಂದು ಮ್ಯಾಟ್ರಿಕ್ಸ್‌ನಿಂದ ಗುಣಿಸುವುದು. ಇನ್ನೂರು ಹೆಜ್ಜೆ ಎಂದರೆ ಅದೇ ಮ್ಯಾಟ್ರಿಕ್ಸ್‌ನಿಂದ ಇನ್ನೂರು ಸಲ ಗುಣಿಸುವುದು. ಕೆಲವು ವಿಶೇಷ ವಿನ್ಯಾಸಗಳು ಹೀಗೆ ಗುಣಿಸಿದಾಗ ಆಕಾರ ಬದಲಿಸುವುದಿಲ್ಲ, ಒಂದು ನಿಶ್ಚಿತ ಪ್ರಮಾಣದಲ್ಲಿ ಹಿಗ್ಗುತ್ತವೆ ಇಲ್ಲವೇ ಕುಗ್ಗುತ್ತವೆ ಅಷ್ಟೆ. ಆ ಪ್ರಮಾಣವೇ ಐಗನ್ ಮೌಲ್ಯ. ನಮ್ಮ ಸರಳಿನ ಯಾವುದೇ ಸ್ಥಿತಿಯನ್ನು ಇಂಥ ವಿನ್ಯಾಸಗಳ ಮೊತ್ತವಾಗಿ ಬರೆಯಬಹುದು.

ಮೂರೇ ಒಳಬಿಂದುಗಳಿರುವ ಪುಟ್ಟ ಸರಳಿನಲ್ಲಿ ಇದನ್ನು ಕೈಯಲ್ಲೇ ಲೆಕ್ಕ ಹಾಕಬಹುದು. ಅದರಲ್ಲಿ ವಿನ್ಯಾಸಗಳು ಮೂರು. (1, 1.414, 1) ಎಂಬ ಗುಡ್ಡದಾಕಾರದ ವಿನ್ಯಾಸಕ್ಕೆ ಐಗನ್ ಮೌಲ್ಯ 1 − 0.586r. (1, 0, −1) ಎಂಬುದಕ್ಕೆ 1 − 2r. (1, −1.414, 1) ಎಂಬ ಅಂಕುಡೊಂಕು ವಿನ್ಯಾಸಕ್ಕೆ 1 − 3.414r. ಈಗ r = 0.6 ಎಂದುಕೊಳ್ಳಿ. ಮೂರು ಮೌಲ್ಯಗಳು ಸುಮಾರು 0.65, −0.2 ಮತ್ತು −1.05 ಆಗುತ್ತವೆ. ಮೊದಲೆರಡು ವಿನ್ಯಾಸಗಳು ಕುಗ್ಗುತ್ತವೆ. ಮೂರನೆಯದು ಪ್ರತಿ ಹೆಜ್ಜೆಗೂ ಚಿಹ್ನೆ ಬದಲಿಸುತ್ತ ನೂರಕ್ಕೆ ಐದರಷ್ಟು ಬೆಳೆಯುತ್ತದೆ. ನಡುಬಿಂದುವಿನಲ್ಲಿ 100 ಡಿಗ್ರಿ, ಪಕ್ಕದವುಗಳಲ್ಲಿ ಸೊನ್ನೆ ಇಟ್ಟು ಶುರು ಮಾಡಿದರೆ ಮೊದಲ ಹೆಜ್ಜೆಗೆ 60, −20, 60 ಬರುತ್ತದೆ, ಎರಡನೆಯದಕ್ಕೆ −24, 76, −24, ಮೂರನೆಯದಕ್ಕೆ 50.4, −44, 50.4. ಐವತ್ತನೇ ಹೆಜ್ಜೆಯ ಹೊತ್ತಿಗೆ ನಡುಬಿಂದು 500 ಡಿಗ್ರಿ ದಾಟಿರುತ್ತದೆ. ಶುರುವಿನಲ್ಲಿ ಸರಳಿನಲ್ಲಿ ಎಲ್ಲಿಯೂ 100ಕ್ಕಿಂತ ಹೆಚ್ಚು ಬಿಸಿ ಇರಲೇ ಇಲ್ಲ.

ಬಿಂದುಗಳು ಹೆಚ್ಚಾದಂತೆ ಅತಿ ಕೆಟ್ಟ ವಿನ್ಯಾಸ +1, −1, +1, −1 ಎಂಬ ಶುದ್ಧ ಅಂಕುಡೊಂಕಿಗೆ ಹತ್ತಿರವಾಗುತ್ತದೆ. ಸೂತ್ರಕ್ಕೆ ಇದನ್ನೇ ಹಾಕಿ ನೋಡಿ. +1 ಇರುವ ಬಿಂದುವಿನ ನೆರೆಯವರಿಬ್ಬರೂ −1. ಹೊಸ ಬೆಲೆ −r + (1 − 2r) − r, ಅಂದರೆ 1 − 4r. ಇದು −1ಕ್ಕಿಂತ ಕೆಳಗಿಳಿಯಬಾರದು ಎಂದರೆ r ಅರ್ಧವನ್ನು ಮೀರಬಾರದು. ಮಿತಿ ಹುಟ್ಟುವುದು ಇಲ್ಲಿಯೇ. ಮೂರು ಬಿಂದುಗಳಿದ್ದಾಗ 0.586ರವರೆಗೆ ಸಡಿಲವಿದ್ದ ಗಡಿ 99 ಬಿಂದುಗಳಾಗುವಷ್ಟರಲ್ಲಿ ಅರ್ಧಕ್ಕೆ ಬಂದು ನಿಂತಿರುತ್ತದೆ.

ತಾಮ್ರದ ಸರಳಿಗೆ ಮರಳಿದರೆ, r = 0.55 ಇದ್ದಾಗ ಆ ಐಗನ್ ಮೌಲ್ಯ ಸುಮಾರು −1.2. ಆದರೆ ನಾವು ಶುರು ಮಾಡಿದ್ದು ನುಣುಪಾದ ರೇಖೆಯಿಂದ. ಅದರಲ್ಲಿ ಅಂಕುಡೊಂಕು ಎಲ್ಲಿತ್ತು? ಕಂಪ್ಯೂಟರ್ ಪ್ರತಿ ಸಂಖ್ಯೆಯನ್ನೂ ಸುಮಾರು ಹದಿನಾರು ಅಂಕಿಗಳಿಗೆ ಕತ್ತರಿಸಿಟ್ಟುಕೊಳ್ಳುತ್ತದೆ. 100 ಡಿಗ್ರಿಯಲ್ಲಿ ಹೀಗೆ ಉಳಿಯುವ ದೋಷ ಒಂದು ಡಿಗ್ರಿಯ ನೂರು ಲಕ್ಷ ಕೋಟಿಯಲ್ಲಿ ಒಂದು ಪಾಲಿನಷ್ಟು. ಬೀಜಕ್ಕೆ ಅಷ್ಟು ಸಾಕು. ಪ್ರತಿ ಹೆಜ್ಜೆಗೆ 1.2ರಿಂದ ಗುಣಿಸುತ್ತ ಹೋದರೆ ಸುಮಾರು 180 ಹೆಜ್ಜೆಗಳಲ್ಲಿ, ಅಂದರೆ ತೊಂಬತ್ತು ಸೆಕೆಂಡಿನ ಆಸುಪಾಸಿನಲ್ಲಿ, ಅದು ಒಂದು ಡಿಗ್ರಿಯ ಮಟ್ಟಕ್ಕೆ ಬೆಳೆಯುತ್ತದೆ. ಅಲ್ಲಿಂದ ಮುಂದಿನ ಐವತ್ತು ಹೆಜ್ಜೆಗಳಲ್ಲಿ ಇನ್ನೂ ಎಂಟೊಂಬತ್ತು ಸಾವಿರ ಪಟ್ಟು. ಮೊದಲ ನಿಮಿಷದ ಚಿತ್ರ ಚೆನ್ನಾಗಿದೆ ಎಂದು ನಂಬುವಂತಿಲ್ಲ ಎನ್ನುವುದು ಇದೇ ಕಾರಣಕ್ಕೆ. ಹಲ್ಲುಗಳು ಒಂದು ಬಿಂದು ಬಿಟ್ಟು ಒಂದು ಬಿಂದುವಿಗೆ ಮೇಲೆ ಕೆಳಗೆ ಆಗುತ್ತಿದ್ದು, ಪ್ರತಿ ಹೆಜ್ಜೆಗೂ ಅದಲುಬದಲಾಗುತ್ತ ಒಂದೇ ಅನುಪಾತದಲ್ಲಿ ಬೆಳೆಯುತ್ತಿದ್ದರೆ ರೋಗ ಇದೇ ಎಂದು ಹೇಳಬಹುದು. ಹೆಜ್ಜೆಯನ್ನು ತುಸು ಕಿರಿದು ಮಾಡಿದರೆ ಅದು ಮಾಯವಾಗುತ್ತದೆ. ಬಿಂದುಗಳನ್ನು ಇನ್ನೂ ಒತ್ತೊತ್ತಾಗಿ ಇಟ್ಟರೆ ಉಲ್ಬಣಿಸುತ್ತದೆ.

ನನ್ನನ್ನು ಬಹಳವಾಗಿ ಕಾಡುವುದು ಈ ಮಿತಿಯ ಅನ್ಯಾಯ. ನಾವು ನೋಡಬೇಕಾಗಿರುವುದು ಗುಡ್ಡದಾಕಾರದ ನಿಧಾನದ ತಣಿವನ್ನು. ಈ ಸರಳಿನಲ್ಲಿ ಅದು ಮೂರನೇ ಒಂದು ಭಾಗದಷ್ಟಕ್ಕೆ ಇಳಿಯಲು ಸುಮಾರು ಹದಿನೈದು ನಿಮಿಷ ಬೇಕು. ಅದರ ಐಗನ್ ಮೌಲ್ಯ 0.9995ರ ಆಸುಪಾಸಿನಲ್ಲಿದ್ದು, ಎರಡೂ ಹೆಜ್ಜೆಗಳಲ್ಲಿ ತಂಟೆಯಿಲ್ಲದೆ ಇರುತ್ತದೆ. ಅಂಕುಡೊಂಕು ನಿಜವಾದ ತಾಮ್ರದಲ್ಲಿ ಕ್ಷಣಮಾತ್ರದಲ್ಲಿ ಅಳಿಸಿಹೋಗುವಂಥದ್ದು, ಅದರ ಬಗ್ಗೆ ನಮಗೆ ಆಸಕ್ತಿಯೂ ಇಲ್ಲ. ಆದರೂ ಎಲ್ಲರ ನಡಿಗೆಯ ವೇಗವನ್ನು ಗೊತ್ತುಮಾಡುವುದು ಅದೇ. ಬಿಂದುಗಳ ಅಂತರವನ್ನು ಅರ್ಧ ಮಾಡಿದರೆ ಹೆಜ್ಜೆಯನ್ನು ಕಾಲುಭಾಗ ಮಾಡಬೇಕು. ಬಿಂದುಗಳೂ ಇಮ್ಮಡಿಯಾದ್ದರಿಂದ ಕೆಲಸ ಎಂಟು ಪಟ್ಟು. ಒಂದು ಮಿಲಿಮೀಟರ್ ಅಂತರಕ್ಕೆ ಬಂದರೆ ಹೆಜ್ಜೆ 0.0045 ಸೆಕೆಂಡ್ ಮೀರುವಂತಿಲ್ಲ. ತಗಡಿನಂಥ ಎರಡು ಆಯಾಮದ ಚೌಕ ಗ್ರಿಡ್‌ಗೆ ಮಿತಿ ಇನ್ನೂ ಬಿಗಿ: ಅಲ್ಲಿ r ಕಾಲನ್ನು ಮೀರಬಾರದು.

ಇದರಿಂದ ಹೊರಬರಲು ಬಿಂದುಗಳ ನಡುವಿನ ಶಾಖದ ಹರಿವನ್ನು ಹಳೆಯ ಉಷ್ಣತೆಗಳ ಬದಲು ಹೊಸ ಉಷ್ಣತೆಗಳಿಂದ ಲೆಕ್ಕ ಹಾಕುವ ದಾರಿಯಿದೆ. ಆಗ ಪ್ರತಿ ಹೆಜ್ಜೆಗೂ ಸಮೀಕರಣಗಳ ಒಂದು ಗುಂಪನ್ನು ಬಿಡಿಸಬೇಕಾಗುತ್ತದೆ. ಆದರೆ ಅಂಕುಡೊಂಕಿನ ಐಗನ್ ಮೌಲ್ಯ 1/(1 + 4r) ಆಗುತ್ತದೆ, r ಎಷ್ಟೇ ದೊಡ್ಡದಾದರೂ ಅದು ಒಂದನ್ನು ದಾಟುವುದಿಲ್ಲ. ಹಳೆಯದು ಹೊಸದು ಎರಡರ ಸರಾಸರಿಯನ್ನು ಬಳಸುವ ವಿಧಾನವನ್ನು ಜಾನ್ ಕ್ರ್ಯಾಂಕ್ ಮತ್ತು ಫಿಲಿಸ್ ನಿಕಲ್ಸನ್ 1947ರಲ್ಲಿ ಪ್ರಕಟಿಸಿದರು. ಅದರ ಮೌಲ್ಯ (1 − 2r)/(1 + 2r). ನಮ್ಮ ಸರಳಿನಲ್ಲಿ ಹತ್ತು ಸೆಕೆಂಡಿನ ಹೆಜ್ಜೆ ಇಟ್ಟರೆ r = 11; ಮೊದಲ ವಿಧಾನದಲ್ಲಿ ಅಂಕುಡೊಂಕು ಒಂದೇ ಹೆಜ್ಜೆಗೆ 0.02ರಷ್ಟಕ್ಕೆ ಕುಸಿಯುತ್ತದೆ, ಕ್ರ್ಯಾಂಕ್-ನಿಕಲ್ಸನ್‌ನಲ್ಲಿ −0.91 ಉಳಿದು ಹಲವು ಹೆಜ್ಜೆಗಳವರೆಗೆ ಅಲುಗಾಡುತ್ತದೆ. ಸ್ಫೋಟ ಇಲ್ಲ, ನಿಖರತೆಯೂ ಹೆಚ್ಚು, ಆದರೆ ಬಿಸಿ ಸರಳಿನ ತುದಿಯನ್ನು ಫಕ್ಕನೆ ಮಂಜಿಗೆ ಅದ್ದಿದಂಥ ಸಂದರ್ಭದಲ್ಲಿ ತುದಿಯ ಬಳಿ ಸುಳ್ಳು ಏರಿಳಿತ ಕಾಣುತ್ತದೆ. ಅಂಥ ಕಡೆ ಮೊದಲ ಕೆಲವು ಹೆಜ್ಜೆಗಳನ್ನು ಪೂರ್ತಿ ಹೊಸ ಉಷ್ಣತೆಯ ವಿಧಾನದಲ್ಲಿ ಇಟ್ಟು, ಹಲ್ಲುಗಳು ಸವೆದ ಮೇಲೆ ಕ್ರ್ಯಾಂಕ್-ನಿಕಲ್ಸನ್‌ಗೆ ಹೊರಳುವುದು ರೂಢಿ.