ರೆಸ್ಯೂಮೆಯ ದಿನಾಂಕ, ಪಿಎಫ್ ಪಾಸ್‌ಬುಕ್‌ನ ದಿನಾಂಕ

ರೆಸ್ಯೂಮೆಯಲ್ಲಿ ಎರಡು ಬಗೆಯ ಮಾತುಗಳು ಒಂದರ ಪಕ್ಕ ಒಂದು ಕೂತಿರುತ್ತವೆ. ಒಂದು ಬಗೆಯದು ಅಭ್ಯರ್ಥಿ ತನ್ನ ಕೆಲಸದ ಬಗ್ಗೆ ತಾನೇ ಹೇಳಿಕೊಳ್ಳುವುದು: ಯಾವ ಪ್ರಾಜೆಕ್ಟಿನಲ್ಲಿ ಏನು ಮಾಡಿದೆ, ಯಾವುದರಲ್ಲಿ ಪಳಗಿದ್ದೇನೆ ಎಂಬಂಥವು. ಇನ್ನೊಂದು ಬಗೆಯದು ಬೇರೆ ಯಾರದೋ ಕಡತದಲ್ಲೂ ಬರೆದಿಟ್ಟಿರುವುದು: ಕೆಲಸಕ್ಕೆ ಸೇರಿದ ದಿನ, ಬಿಟ್ಟ ದಿನ, ಹುದ್ದೆಯ ಹೆಸರು, ಸಂಬಳ ಕೊಟ್ಟ ಕಂಪನಿ, ಪದವಿ ಮತ್ತು ಅದನ್ನು ಪಡೆದ ವರ್ಷ. ಮೊದಲನೆಯದರಲ್ಲಿ ಕೊಂಚ ಬಣ್ಣ ಇರುತ್ತದೆಂದು ಸಂದರ್ಶನ ಮಾಡುವವರಿಗೂ ಗೊತ್ತು. ನಾಲ್ಕು ಪ್ರಶ್ನೆ ಕೇಳಿ ಅದನ್ನು ಅಳೆಯುವುದೇ ಅವರ ಕೆಲಸ. ಎರಡನೆಯದರಲ್ಲಿ ಬಣ್ಣಕ್ಕೆ ಜಾಗವಿಲ್ಲ. ಅಲ್ಲಿ ಇರುವುದು ಸರಿ ಅಥವಾ ತಪ್ಪು, ಎರಡೇ. ಕಂಪನಿಗಳು ಮಾಡಿಸುವ ಹಿನ್ನೆಲೆ ಪರಿಶೀಲನೆ, ಅಂದರೆ ಎಚ್ಆರ್‌ನವರ ಬಾಯಲ್ಲಿ ಬಿಜಿವಿ, ಬಹುಪಾಲು ಈ ಎರಡನೆಯ ಬಗೆಯನ್ನಷ್ಟೇ ಮುಟ್ಟುತ್ತದೆ.

ಗೆರೆ ದಾಟುವುದು ಸಾಮಾನ್ಯವಾಗಿ ಸಣ್ಣ ಹೆಜ್ಜೆಗಳಲ್ಲಿ. ರೆಸ್ಯೂಮೆಯಲ್ಲಿ ತಿಂಗಳು ಬಿಟ್ಟು ‘2019–2021’ ಎಂದು ಬರೆಯುವ ರೂಢಿಯನ್ನೇ ನೋಡಬಹುದು. 2019ರ ಡಿಸೆಂಬರ್‌ನಲ್ಲಿ ಸೇರಿ 2021ರ ಜನವರಿಯಲ್ಲಿ ಬಿಟ್ಟವರ ಅನುಭವ ಹದಿನಾಲ್ಕು ತಿಂಗಳಷ್ಟೇ. ಆದರೆ ಓದುವವರ ಕಣ್ಣಿಗೆ ಅದು ಎರಡು, ಮೂರು ವರ್ಷವಾಗಿ ಕಾಣುತ್ತದೆ. ಬರೆದದ್ದು ಸುಳ್ಳಲ್ಲ, ಆದರೆ ತಪ್ಪು ಎಣಿಕೆಗೆ ದಾರಿ ಮಾಡಿಕೊಡುತ್ತದೆ. ಕೆಲಸ ಸಿಕ್ಕ ಮೇಲೆ ತುಂಬಿಕೊಡಬೇಕಾದ ಬಿಜಿವಿ ಅರ್ಜಿ ದಿನ, ತಿಂಗಳು, ವರ್ಷ ಮೂರನ್ನೂ ಕೇಳುತ್ತದೆ. ಎರಡು ವರ್ಷ ಎಂಬ ಎಣಿಕೆಗೆ ಹೊಂದುವ ಹಾಗೆ ಅಲ್ಲಿ ದಿನಾಂಕ ಬರೆದು ಸಹಿ ಹಾಕಿದರೆ, ಅಲ್ಲಿಯವರೆಗೆ ಮಸುಕಾಗಿದ್ದದ್ದು ಸ್ಪಷ್ಟವಾದ ಸುಳ್ಳು ಹೇಳಿಕೆಯಾಗುತ್ತದೆ. ಮಾಹಿತಿ ತಪ್ಪೆಂದು ತಿಳಿದರೆ ಕೆಲಸದಿಂದ ತೆಗೆಯಬಹುದು ಎಂಬ ಷರತ್ತು ಬಹುತೇಕ ಆಫರ್ ಲೆಟರ್‌ಗಳಲ್ಲಿ ಇದ್ದೇ ಇರುತ್ತದೆ. ಆ ಷರತ್ತಿಗೆ ಕಾಲಮಿತಿ ಹಾಕುವ ಕಂಪನಿಗಳು ಅಪರೂಪ.

ಹುದ್ದೆಯ ಹೆಸರಿನ ಸಂಗತಿ ಇನ್ನೂ ಸೂಕ್ಷ್ಮ. ಸಾಫ್ಟ್‌ವೇರ್ ಕಂಪನಿಗಳಲ್ಲಿ ಕಡತದ ಹುದ್ದೆ ಒಂದು, ಮಾಡುವ ಕೆಲಸ ಇನ್ನೊಂದು ಆಗಿರುವುದು ಹೊಸದೇನಲ್ಲ. ‘ಸೀನಿಯರ್ ಸಾಫ್ಟ್‌ವೇರ್ ಎಂಜಿನಿಯರ್’ ಎಂಬ ಹೆಸರಿನಡಿ ಐದು ಜನರ ತಂಡ ನಡೆಸಿದವರು ಎಷ್ಟೋ ಮಂದಿ. ‘ಸೀನಿಯರ್ ಸಾಫ್ಟ್‌ವೇರ್ ಎಂಜಿನಿಯರ್, ಐವರ ತಂಡದ ಹೊಣೆ’ ಎಂದು ಅವರು ಬರೆದುಕೊಂಡರೆ ಯಾರ ತಕರಾರೂ ಇರುವುದಿಲ್ಲ. ಹುದ್ದೆಯ ಜಾಗದಲ್ಲೇ ‘ಟೀಮ್ ಲೀಡ್’ ಎಂದು ಬರೆದರೆ ಹಳೆಯ ಕಂಪನಿ ಅದನ್ನು ಒಪ್ಪುವುದಿಲ್ಲ. ಪರಿಶೀಲಕರು ಅಲ್ಲಿಗೆ ಕಳಿಸುವ ಪ್ರಶ್ನೆ ‘ಇವರು ಏನು ಮಾಡುತ್ತಿದ್ದರು’ ಎಂಬುದಲ್ಲ, ‘ಇವರ ಡೆಸಿಗ್ನೇಶನ್ ಏನು’ ಎಂಬುದು. ಎಚ್ಆರ್‌ನವರು ಪರದೆಯಲ್ಲಿ ಕಂಡದ್ದನ್ನು ಹಾಗೆಯೇ ತಿಳಿಸುತ್ತಾರೆ.

ಬೆಂಗಳೂರಿನ ಐಟಿ ವಲಯಕ್ಕೆ ಅಂಟಿಕೊಂಡಿರುವ ಇನ್ನೊಂದು ತೊಡಕು ಪೇರೋಲ್‌ನದು. ದೊಡ್ಡ ಕಂಪನಿಯ ಕ್ಯಾಂಪಸ್ಸಿನಲ್ಲಿ, ಅದರದೇ ಗುರುತಿನ ಚೀಟಿ ಕೊರಳಿಗೆ ಹಾಕಿಕೊಂಡು ಮೂರು ವರ್ಷ ದುಡಿದವರಿಗೂ ಸಂಬಳ ಬಂದದ್ದು ಸಿಬ್ಬಂದಿ ಒದಗಿಸುವ ಬೇರೊಂದು ಸಂಸ್ಥೆಯಿಂದ ಆಗಿರಬಹುದು. ರೆಸ್ಯೂಮೆಯಲ್ಲಿ ದೊಡ್ಡ ಕಂಪನಿಯ ಹೆಸರನ್ನಷ್ಟೇ ಬರೆದರೆ, ಆ ಕಂಪನಿಯಿಂದ ಬರುವ ಉತ್ತರ ‘ಈ ಹೆಸರಿನ ಉದ್ಯೋಗಿ ನಮ್ಮಲ್ಲಿ ಇರಲಿಲ್ಲ’ ಎಂದು. ಮೋಸದ ಉದ್ದೇಶವೇ ಇಲ್ಲದವರೂ ಇಲ್ಲಿ ಸಿಕ್ಕಿಬೀಳುತ್ತಾರೆ. ಸಂಬಳ ಕೊಟ್ಟ ಸಂಸ್ಥೆಯನ್ನು ಉದ್ಯೋಗದಾತ ಎಂದೂ ದೊಡ್ಡ ಕಂಪನಿಯನ್ನು ಕ್ಲೈಂಟ್ ಎಂದೂ ಬರೆದಿದ್ದರೆ ಸಮಸ್ಯೆಯೇ ಹುಟ್ಟುತ್ತಿರಲಿಲ್ಲ.

ಪರಿಶೀಲನೆ ಹೇಗೆ ನಡೆಯುತ್ತದೆ ಎಂಬುದನ್ನು ಒಂದು ಕಲ್ಪಿತ ಉದಾಹರಣೆಯಿಂದ ನೋಡುವುದು ಸುಲಭ. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಕಾಲೇಜೊಂದಕ್ಕೆ 2014ರಲ್ಲಿ ಸೇರಿದ ಅಭ್ಯರ್ಥಿಯೊಬ್ಬ 2018ರಲ್ಲಿ ಮುಗಿಸಬೇಕಿದ್ದ ಬಿ.ಇ.ಯನ್ನು, ಎರಡು ವಿಷಯ ಬಾಕಿ ಉಳಿದದ್ದರಿಂದ, ಮುಂದಿನ ಪರೀಕ್ಷೆಯಲ್ಲಿ 2019ರ ಆರಂಭಕ್ಕೆ ಮುಗಿಸಿದ. ಆ ಮಾರ್ಚ್‌ನಲ್ಲಿ ಮೊದಲ ಕಂಪನಿಗೆ ಸೇರಿ 2021ರ ಮಾರ್ಚ್ 31ರವರೆಗೆ ಅಲ್ಲಿದ್ದ. ಕೋವಿಡ್ ಕಾಲದಲ್ಲಿ ಏಳು ತಿಂಗಳು ಕೆಲಸವಿರಲಿಲ್ಲ. 2021ರ ನವೆಂಬರ್‌ನಲ್ಲಿ ಎರಡನೆಯ ಕಂಪನಿ ಸಿಕ್ಕಿತು. 2024ರ ಫೆಬ್ರವರಿ ಕೊನೆಗೆ ಅವನ ನಿಜವಾದ ಅನುಭವ 25 ಮತ್ತು 28 ತಿಂಗಳು ಸೇರಿ 53 ತಿಂಗಳು, ಅಂದರೆ ನಾಲ್ಕು ವರ್ಷ ಐದು ತಿಂಗಳು. ಅವನು ಅರ್ಜಿ ಹಾಕಿದ ಕೆಲಸ ಕೇಳಿದ್ದು ಐದು ವರ್ಷ. ಮೊದಲ ಕಂಪನಿಯನ್ನು ಬಿಟ್ಟದ್ದು 2021ರ ಅಕ್ಟೋಬರ್ ಎಂದು ಬರೆದರೆ ಲೆಕ್ಕ ಸರಿಯಾಗಿ 60 ತಿಂಗಳಾಗುತ್ತದೆ. ಅವನು ಹಾಗೆಯೇ ಬರೆದ. ಬರೆದ ಮೇಲೆ ರಿಲೀವಿಂಗ್ ಲೆಟರ್‌ನ ಪಿಡಿಎಫ್‌ನಲ್ಲೂ ತಿಂಗಳನ್ನು ತಿದ್ದಿದ. ಪದವಿಯ ವರ್ಷ 2018 ಎಂದು ಹಾಕಿದ.

ಇದು ಹೊರಬರಲು ಪತ್ತೇದಾರಿಕೆ ಬೇಕಿಲ್ಲ. ಅಭ್ಯರ್ಥಿ ಸಹಿ ಮಾಡಿದ ಒಪ್ಪಿಗೆ ಪತ್ರ ಕೈಗೆ ಬಂದ ಮೇಲೆ ಪರಿಶೀಲನಾ ಏಜೆನ್ಸಿ ಸಾಮಾನ್ಯವಾಗಿ ಮೊದಲು ಕೇಳುವುದು ಪಿಎಫ್ ಸೇವಾ ವಿವರ. 2014ರಲ್ಲಿ ಬಂದ ಹನ್ನೆರಡು ಅಂಕಿಯ ಯುಎಎನ್ ಒಬ್ಬ ನೌಕರನ ಎಲ್ಲ ಪಿಎಫ್ ಖಾತೆಗಳನ್ನೂ ಒಂದೇ ಸಂಖ್ಯೆಯಡಿ ತರುತ್ತದೆ. ಪ್ರತಿ ಕಂಪನಿಗೆ ಸೇರಿದ ದಿನ, ಬಿಟ್ಟ ದಿನ ಅಲ್ಲಿರುತ್ತವೆ. ಪಾಸ್‌ಬುಕ್ ತೆರೆದರೆ ಯಾವ ತಿಂಗಳ ಸಂಬಳಕ್ಕೆ ಎಷ್ಟು ವಂತಿಗೆ ಜಮೆಯಾಗಿದೆ ಎಂಬುದು ಸಾಲು ಸಾಲಾಗಿ ಕಾಣುತ್ತದೆ. ತಿಂಗಳ ವಂತಿಗೆಯನ್ನು ಮುಂದಿನ ತಿಂಗಳ 15ರೊಳಗೆ ಕಂಪನಿಯೇ ಕಟ್ಟಬೇಕಾದ್ದರಿಂದ ಈ ಸಾಲುಗಳು ಆಯಾ ಕಾಲದಲ್ಲೇ ಬಿದ್ದಿರುತ್ತವೆ. ನಮ್ಮ ಉದಾಹರಣೆಯ ಪಾಸ್‌ಬುಕ್‌ನಲ್ಲಿ 2021ರ ಮಾರ್ಚ್ ಸಂಬಳದ ಸಾಲಾದ ಮೇಲೆ ನೇರವಾಗಿ ನವೆಂಬರ್‌ನದು, ಅದೂ ಬೇರೆ ಕಂಪನಿಯ ಹೆಸರಿನಲ್ಲಿ. ತೆರಿಗೆ ಕಡಿತವಾಗುವಷ್ಟು ಸಂಬಳವಿದ್ದವರಿಗೆ ಎರಡನೆಯ ಸಾಕ್ಷಿಯೂ ಇದೆ. ಆದಾಯ ತೆರಿಗೆ ಇಲಾಖೆಯ 26ಎಎಸ್ ಪಟ್ಟಿಯಲ್ಲಿ ತೆರಿಗೆ ಹಿಡಿದ ಕಂಪನಿಯ ಹೆಸರು, ಮೊತ್ತ, ದಿನಾಂಕ ನಮೂದಾಗಿರುತ್ತವೆ.

ಇದಾದ ಮೇಲೆ ರಿಲೀವಿಂಗ್ ಲೆಟರ್‌ನ ಪ್ರತಿ ಹಳೆಯ ಕಂಪನಿಯ ಎಚ್ಆರ್‌ಗೆ ಹೋಗುತ್ತದೆ. ಪತ್ರದಲ್ಲಿರುವ ಫೋನ್ ನಂಬರಿಗೆ ಕರೆ ಮಾಡುವುದನ್ನು ಅನುಭವಿ ಏಜೆನ್ಸಿಗಳು ಬಿಟ್ಟಿವೆ. ಕಂಪನಿಯ ಅಧಿಕೃತ ಡೊಮೈನ್‌ನ ಇ-ಮೇಲ್ ವಿಳಾಸವನ್ನು ತಾವೇ ಹುಡುಕಿ ಬರೆಯುತ್ತವೆ. ಉತ್ತರ ಒಂದೆರಡು ಸಾಲಿನದು: ಉದ್ಯೋಗಿ ಸಂಖ್ಯೆ ಸರಿ, ಕೊನೆಯ ದಿನ ಮಾರ್ಚ್ 31, ಲಗತ್ತಿಸಿದ ಪತ್ರ ನಾವು ಕೊಟ್ಟದ್ದಲ್ಲ. ಈ ಕೊನೆಯ ಮಾತೇ ಎಲ್ಲಕ್ಕಿಂತ ಭಾರದ್ದು. ಕೋವಿಡ್ ಕಾಲದ ಏಳು ತಿಂಗಳ ಅಂತರವನ್ನು ಯಾವ ಎಚ್ಆರ್ ಆದರೂ ಅರ್ಥ ಮಾಡಿಕೊಳ್ಳಬಹುದಿತ್ತು. ದಿನಾಂಕದ ತಪ್ಪನ್ನೂ ಮರೆವು ಎಂದು ವಿವರಿಸಬಹುದಿತ್ತು. ತಿದ್ದಿದ ಪತ್ರಕ್ಕೆ ವಿವರಣೆ ಇಲ್ಲ. ಭಾರತೀಯ ನ್ಯಾಯ ಸಂಹಿತೆಯಲ್ಲಿ ವಂಚನೆಗೆ 318ನೇ ಕಲಂ ಇದ್ದರೆ, ನಕಲಿ ದಾಖಲೆ ಸೃಷ್ಟಿಗೆ 336, ಅದನ್ನು ಅಸಲಿ ಎಂದು ಬಳಸುವುದಕ್ಕೆ 340ನೇ ಕಲಂ ಪ್ರತ್ಯೇಕವಾಗಿಯೇ ಇವೆ. ಖಾಸಗಿ ಕಂಪನಿಗಳು ಪೊಲೀಸರ ತನಕ ಹೋಗುವುದು ಕಡಿಮೆ. ಆಫರ್ ಹಿಂದಕ್ಕೆ ಪಡೆಯುತ್ತವೆ, ಕೆಲಸಕ್ಕೆ ಸೇರಿ ಆಗಿದ್ದರೆ ಬಿಡಿಸುತ್ತವೆ.

ಪದವಿಯ ವರ್ಷ ಇನ್ನೂ ಬೇಗ ಬಯಲಾಗುತ್ತದೆ. ವಿಟಿಯು ವಿದ್ಯಾರ್ಥಿಯ ಯುಎಸ್ಎನ್ ಸಂಖ್ಯೆಯಲ್ಲಿ ಕಾಲೇಜಿನ ಸಂಕೇತ, ಸೇರಿದ ವರ್ಷ, ವಿಭಾಗ ಎಲ್ಲವೂ ಅಡಗಿರುತ್ತವೆ. ಪ್ರತಿ ಅಂಕಪಟ್ಟಿಯ ಮೇಲೆ ಪರೀಕ್ಷೆಯ ತಿಂಗಳು, ವರ್ಷ ಅಚ್ಚಾಗಿರುತ್ತದೆ. ಕೊನೆಯ ಬಾಕಿ ವಿಷಯ ಯಾವ ಪರೀಕ್ಷೆಯಲ್ಲಿ ತೇರ್ಗಡೆಯಾಯಿತೋ ಅದೇ ಪದವಿ ಮುಗಿಸಿದ ವರ್ಷ. ಪ್ರತಿಗಳನ್ನು ನಂಬದ ಏಜೆನ್ಸಿ ನಿಗದಿತ ಶುಲ್ಕ ಕಟ್ಟಿ ವಿಶ್ವವಿದ್ಯಾಲಯದಿಂದಲೇ ದೃಢೀಕರಣ ತರಿಸುತ್ತದೆ. ಡಿಜಿಲಾಕರ್‌ನಲ್ಲಿ ವಿಶ್ವವಿದ್ಯಾಲಯವೇ ಹಾಕಿದ ಪ್ರಮಾಣಪತ್ರವಿದ್ದರೆ ಕೆಲಸ ಇನ್ನೂ ಹಗುರ. ಪದವಿ ಕೊಟ್ಟ ಸಂಸ್ಥೆಯ ಬಗ್ಗೆಯೇ ಅನುಮಾನ ಬಂದರೆ ನೋಡುವುದು ಯುಜಿಸಿ ಪ್ರಕಟಿಸುವ ನಕಲಿ ವಿಶ್ವವಿದ್ಯಾಲಯಗಳ ಪಟ್ಟಿಯನ್ನು. 1956ರ ಯುಜಿಸಿ ಕಾಯ್ದೆಯ 22ನೇ ಕಲಂ ಪ್ರಕಾರ, ಶಾಸನದಿಂದ ಸ್ಥಾಪನೆಯಾದ ವಿಶ್ವವಿದ್ಯಾಲಯ, ಡೀಮ್ಡ್ ವಿಶ್ವವಿದ್ಯಾಲಯ ಅಥವಾ ಸಂಸತ್ತು ವಿಶೇಷವಾಗಿ ಅಧಿಕಾರ ಕೊಟ್ಟ ಸಂಸ್ಥೆ, ಇವುಗಳಿಗಷ್ಟೇ ಪದವಿ ನೀಡುವ ಹಕ್ಕಿದೆ.

ಪದವಿಯ ಮಾತಿನಲ್ಲಿ ಜಗತ್ತಿಗೆಲ್ಲ ತಿಳಿದ ಪ್ರಕರಣ ಯಾಹೂ ಕಂಪನಿಯದು. 2012ರ ಜನವರಿಯಲ್ಲಿ ಅದರ ಮುಖ್ಯಸ್ಥರಾದ ಸ್ಕಾಟ್ ಥಾಂಪ್ಸನ್ ಅವರ ಪರಿಚಯದಲ್ಲಿ ಸ್ಟೋನ್‌ಹಿಲ್ ಕಾಲೇಜಿನಿಂದ ಅಕೌಂಟಿಂಗ್ ಮತ್ತು ಕಂಪ್ಯೂಟರ್ ಸೈನ್ಸ್ ಪದವಿ ಎಂದಿತ್ತು. ನಿಜಕ್ಕೂ ಇದ್ದದ್ದು ಅಕೌಂಟಿಂಗ್ ಒಂದೇ. ಆ ಕಾಲೇಜು ಕಂಪ್ಯೂಟರ್ ಸೈನ್ಸ್ ಪದವಿ ಕೊಡಲು ಶುರುಮಾಡಿದ್ದೇ ಅವರು ಓದು ಮುಗಿಸಿದ ಮೇಲೆ. ಕಂಪನಿಯ ಷೇರು ಹೊಂದಿದ್ದ ಹೂಡಿಕೆ ಸಂಸ್ಥೆಯೊಂದು ಅದನ್ನು ಬಯಲಿಗೆ ತಂದಿತು. ಮೇ ತಿಂಗಳಲ್ಲಿ ಥಾಂಪ್ಸನ್ ಹುದ್ದೆ ಬಿಟ್ಟರು. ಕಂಪ್ಯೂಟರ್ ಪದವಿ ಇಲ್ಲದೆಯೂ ದೊಡ್ಡ ಕಂಪನಿಗಳನ್ನು ನಡೆಸಿ ಬಂದಿದ್ದವರಿಗೆ ಆ ಎರಡು ಪದಗಳ ಅಗತ್ಯವೇ ಇರಲಿಲ್ಲ ಎಂಬುದು ಈ ಪ್ರಕರಣದ ವಿಚಿತ್ರ.

ಇಲ್ಲದ ಅನುಭವವನ್ನೇ ಹಣಕ್ಕೆ ಮಾರುವ ದಂಧೆ ಬೇರೆ ಜಾತಿಯದು. ಹೆಸರಿಗಷ್ಟೇ ಇರುವ ಕಂಪನಿ, ಅದರ ವೆಬ್‌ಸೈಟು, ಕರೆ ಬಂದರೆ ‘ಹೌದು, ನಮ್ಮಲ್ಲಿದ್ದರು’ ಎನ್ನಲು ಒಬ್ಬ ವ್ಯಕ್ತಿ, ಎಲ್ಲವೂ ಒಂದೇ ಕಟ್ಟಿನಲ್ಲಿ ಸಿಗುತ್ತವೆ. ಇಂಥ ಕಂಪನಿಗಳ ದಾಖಲೆ ತಂದವರನ್ನು ಭಾರತದಲ್ಲಿ ಕೆಲಸದಿಂದ ತೆಗೆದುದಾಗಿ ಅಕ್ಸೆಂಚರ್ 2022ರಲ್ಲಿ ಹೇಳಿತ್ತು. ಕಾರ್ಪೊರೇಟ್ ವ್ಯವಹಾರಗಳ ಸಚಿವಾಲಯದ ದಾಖಲೆಯಲ್ಲಿ ಕಂಪನಿ ನೋಂದಣಿಯಾದ ದಿನಾಂಕ ಯಾರಿಗೂ ಸಿಗುತ್ತದೆ. 2020ರಲ್ಲಿ ಹುಟ್ಟಿದ ಕಂಪನಿಗೆ 2018ರಲ್ಲಿ ಸೇರಿದ್ದೆ ಎಂದರೆ ಮಾತು ಅಲ್ಲಿಗೇ ಮುಗಿಯಿತು. ದಿನಾಂಕ ಹೊಂದಿದರೂ ಏಜೆನ್ಸಿಯವರು ವಿಳಾಸಕ್ಕೆ ಹೋಗಿ ನೋಡುತ್ತಾರೆ. ಒಮ್ಮೆ ಅನುಮಾನಕ್ಕೆ ಬಂದ ಹೆಸರುಗಳ ಪಟ್ಟಿಯನ್ನು ಪ್ರತಿ ಏಜೆನ್ಸಿಯೂ ಇಟ್ಟುಕೊಂಡಿರುತ್ತದೆ. ಹಾಗಾಗಿ ಅದೇ ಕಂಪನಿಯಿಂದ ‘ಅನುಭವ’ ಕೊಂಡ ಮುಂದಿನವರು ಅರ್ಜಿ ತುಂಬಿದ ದಿನವೇ ಸಿಕ್ಕಿಬೀಳುತ್ತಾರೆ.

ಆದರೂ ದಾಖಲೆಗಳೆಲ್ಲ ದೋಷರಹಿತವೆಂದಲ್ಲ. ಇಪ್ಪತ್ತಕ್ಕಿಂತ ಕಡಿಮೆ ಜನರಿರುವ ಸಂಸ್ಥೆಗೆ ಪಿಎಫ್ ಸಾಮಾನ್ಯವಾಗಿ ಕಡ್ಡಾಯವಲ್ಲ. ಅಲ್ಲಿ ದುಡಿದವರ ಪಾಸ್‌ಬುಕ್‌ನಲ್ಲಿ ಸಾಲಿಲ್ಲದಿರುವುದು ಸುಳ್ಳಿಗೆ ಸಾಕ್ಷಿಯಾಗದು. ಬಿಟ್ಟ ದಿನವನ್ನು ಕಂಪನಿ ತಪ್ಪಾಗಿ ನಮೂದಿಸಿರುವುದು, ನಮೂದಿಸುವುದನ್ನೇ ಮರೆತಿರುವುದು ಉಂಟು. ಮುಚ್ಚಿಹೋದ ಕಂಪನಿಯಿಂದ ಉತ್ತರ ಬರುವುದಿಲ್ಲ. ಅದಕ್ಕೇ ವರದಿಗಳಲ್ಲಿ ಹಸಿರು, ಕೆಂಪು ಬಣ್ಣಗಳ ನಡುವೆ ಹಳದಿಯೂ ಇರುತ್ತದೆ: ವ್ಯತ್ಯಾಸವಿದೆ ಅಥವಾ ಖಚಿತಪಡಿಸಲಾಗಲಿಲ್ಲ ಎಂಬ ಷರಾ. ಹಳದಿ ಬಂದಾಗ ಎಚ್ಆರ್ ಅಭ್ಯರ್ಥಿಯ ಬಳಿ ವಿವರಣೆ ಕೇಳುವುದು ರೂಢಿ. ಸಂಬಳ ಜಮೆಯಾದ ಬ್ಯಾಂಕ್ ಸ್ಟೇಟ್‌ಮೆಂಟು, ಫಾರ್ಮ್ 16, ಆ ಕಾಲದ ಪೇಸ್ಲಿಪ್ಪುಗಳನ್ನು ಕೊಟ್ಟರೆ ಬಹುಪಾಲು ಪ್ರಕರಣಗಳು ಅಲ್ಲಿಗೇ ಇತ್ಯರ್ಥವಾಗುತ್ತವೆ. ಪಿಎಫ್‌ನಲ್ಲಿ ಬಿಟ್ಟ ದಿನ ಖಾಲಿ ಇದ್ದರೆ, ಕೊನೆಯ ವಂತಿಗೆ ಬಿದ್ದು ಎರಡು ತಿಂಗಳು ಕಳೆದ ಮೇಲೆ ಸದಸ್ಯರು ತಾವೇ ಪೋರ್ಟಲ್‌ನಲ್ಲಿ ಅದನ್ನು ತುಂಬಬಹುದು. ಆಗಲೂ ಪೋರ್ಟಲ್ ಒಪ್ಪುವುದು ಕೊನೆಯ ವಂತಿಗೆ ಬಿದ್ದ ತಿಂಗಳೊಳಗಿನ ದಿನಾಂಕವನ್ನು ಮಾತ್ರ.