ಪೀಠಿಕೆಗೆ ಶಾರ್ಟ್ಸ್, ಪಾಠಕ್ಕೆ ದೀರ್ಘ ವಿಡಿಯೊ: ಆನ್‌ಲೈನ್ ಗಣಿತ ಬೋಧನೆಯ ಒಂದು ಅನುಭವ

ಬಿ.ಎಡ್. ಮುಗಿಸಿದ ಮೇಲೆ ನಾನು ಚಿತ್ರದುರ್ಗದಲ್ಲಿದ್ದುಕೊಂಡೇ ಕನ್ನಡ ಮಾಧ್ಯಮದ ಹತ್ತನೇ ತರಗತಿ ಮಕ್ಕಳಿಗೆ ಸಂಜೆ ಆನ್‌ಲೈನ್‌ನಲ್ಲಿ ಗಣಿತ ಹೇಳಿಕೊಡುತ್ತಿದ್ದೇನೆ. ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ತಾಲ್ಲೂಕುಗಳ ಹಳ್ಳಿಗಳಿಂದ ಟ್ಯೂಷನ್‌ಗೆಂದು ದಿನವೂ ಬಸ್ಸು ಹತ್ತಿ ಬರಲಾಗದ ಮಕ್ಕಳೇ ನನ್ನ ವಿದ್ಯಾರ್ಥಿಗಳು. ಅವರ ಕಣ್ಣಿಗೆ ಬೀಳಲೆಂದು ಯೂಟ್ಯೂಬ್ ಚಾನೆಲ್ ತೆರೆದು, ಮೊದಲ ಆರು ತಿಂಗಳು ಒಂದು ನಿಮಿಷದೊಳಗಿನ ಶಾರ್ಟ್ಸ್ ಮಾತ್ರ ಹಾಕಿದೆ. ಚಂದಾದಾರರು 1,800 ದಾಟಿದರು. ಶುಲ್ಕ ಕಟ್ಟಿ ಸೇರಿದವರು ಮಾತ್ರ ಮೂವರು. ಅವರಲ್ಲಿ ಇಬ್ಬರು ನಮ್ಮ ಬೀದಿಯ ಮಕ್ಕಳೇ. ಆ ಹಣ ಮನೆ ಬಾಡಿಗೆಗೂ ಸಾಲಲಿಲ್ಲ.

ಎಣಿಕೆ ಹೇಳದ ಮಾತು

ಶಾರ್ಟ್ಸ್ ನೋಡುವವರು ಗಣಿತ ಹುಡುಕಿಕೊಂಡು ಬಂದವರಲ್ಲ. ಬೆರಳಾಡಿಸುತ್ತಾ ಹೋಗುವಾಗ ನಮ್ಮ ವಿಡಿಯೊ ಅವರಿಗೆ ಅಡ್ಡ ಸಿಕ್ಕಿರುತ್ತದೆ. 2025ರ ಮಾರ್ಚ್ 31ರಿಂದ ಶಾರ್ಟ್ಸ್ ಓಡಲು ಶುರುವಾದರೆ ಸಾಕು, ಅದು ಒಂದು ವೀಕ್ಷಣೆಯೆಂದು ಲೆಕ್ಕಕ್ಕೆ ಬರುತ್ತದೆ. ಹಾಗಾಗಿ ವೀಕ್ಷಣೆಗಳ ದೊಡ್ಡ ಸಂಖ್ಯೆ ಮಗು ಕಲಿತಿದ್ದನ್ನು ತೋರಿಸುವುದಿಲ್ಲ. ಶಾರ್ಟ್ಸ್‌ನ ವಿವರಣೆಯಲ್ಲಿ ಕೊಟ್ಟ ಕೊಂಡಿಗಳನ್ನು ಒತ್ತಿದರೂ 2023ರ ಆಗಸ್ಟ್ 31ರಿಂದ ತೆರೆಯುವುದಿಲ್ಲ. ಆಸಕ್ತಿ ಹುಟ್ಟಿದವರಿಗೂ ನನ್ನ ತರಗತಿಯ ದಾರಿ ಅಲ್ಲಿ ಸಿಗುತ್ತಿರಲಿಲ್ಲ.

ಇನ್ನೊಂದು ಮಾತು: ಶುಲ್ಕ ಕಟ್ಟುವವರು ಮಕ್ಕಳಲ್ಲ, ಪೋಷಕರು. ಹೊಳಲ್ಕೆರೆ ಕಡೆಯ ಒಬ್ಬ ತಾಯಿ ಫೋನಿನಲ್ಲಿ, “ಮೇಡಂ, ನೀವು ಒಂದು ಲೆಕ್ಕಾನ ಪೂರ್ತಿ ಮಾಡಿ ತೋರಿಸಿದ್ದು ಯಾವುದಾದ್ರೂ ಇದ್ರೆ ಕಳಿಸಿ, ನೋಡಿ ಹೇಳ್ತೀನಿ” ಎಂದರು. ಕಳಿಸಲು ನನ್ನ ಬಳಿ ಒಂದೂ ಇರಲಿಲ್ಲ.

ಒಂದು ಲೆಕ್ಕ, ಎರಡು ವಿಡಿಯೊ

ಆಗ ಬೋಧನಾಭ್ಯಾಸದ ದಿನಗಳು ನೆನಪಾದವು. ಸೂಕ್ಷ್ಮ ಬೋಧನೆಯಲ್ಲಿ ಆರು ನಿಮಿಷ ಒಂದೇ ಕೌಶಲವನ್ನು ರೂಢಿಸಿಕೊಳ್ಳುತ್ತಿದ್ದೆವು; ಪಾಠ ಪ್ರವೇಶ ಅಂಥ ಒಂದು ಕೌಶಲ. ಶಾರ್ಟ್ಸ್‌ನ ಕೆಲಸ ಅಷ್ಟೇ: ಮಗುವಿನ ಮನಸ್ಸಿನಲ್ಲಿ ಒಂದು ಪ್ರಶ್ನೆ ಎಬ್ಬಿಸುವುದು. ನಾನು ಪೀಠಿಕೆಯನ್ನೇ ಪಾಠವೆಂದು ತಿಳಿದಿದ್ದೆ.

ಹತ್ತನೇ ತರಗತಿಯ ಪಠ್ಯಪುಸ್ತಕದ ವರ್ಗಸಮೀಕರಣ ಅಧ್ಯಾಯದಲ್ಲಿರುವ 2x² + x − 6 = 0 ಎಂಬ ಲೆಕ್ಕವನ್ನು ಆರಿಸಿಕೊಂಡೆ. ಮಧ್ಯದ ಪದವನ್ನು ಒಡೆಯುವಾಗ ಮಕ್ಕಳು ಗುಣಲಬ್ಧ −6, ಮೊತ್ತ 1 ಬರುವ ಸಂಖ್ಯೆಗಳನ್ನು ಹುಡುಕಿ 3 ಮತ್ತು −2 ಎಂದು ಬರೆಯುತ್ತಾರೆ. ಮೊತ್ತ ಸರಿಯಾಗಿರುವುದರಿಂದ ತಪ್ಪಿನ ಅನುಮಾನವೇ ಬರುವುದಿಲ್ಲ. ಮುಂದೆ x(2x + 3) − 2(x + 3) ಎಂದಾಗಿ ಆವರಣಗಳು ಹೊಂದದೆ ನಿಂತುಬಿಡುತ್ತಾರೆ. 40 ಸೆಕೆಂಡಿನ ಶಾರ್ಟ್ಸ್‌ನಲ್ಲಿ ಇಷ್ಟನ್ನೇ ಬರೆದು ತೋರಿಸಿ, “ಎಲ್ಲಿ ತಪ್ಪಿತು?” ಎಂದು ಕೇಳಿ ನಿಲ್ಲಿಸಿದೆ.

ಉತ್ತರವಿದ್ದದ್ದು 12 ನಿಮಿಷದ ವಿಡಿಯೊದಲ್ಲಿ. x² ನ ಸಹಗುಣಕ 2 ಆಗಿರುವುದರಿಂದ ಗುಣಲಬ್ಧ 2 × (−6) = −12 ಆಗಬೇಕು; ಸಂಖ್ಯೆಗಳು 4 ಮತ್ತು −3. ಆಗ (2x − 3)(x + 2) = 0 ಆಗಿ, ಮೂಲಗಳು 3/2 ಮತ್ತು −2. ಇದರ ಜೊತೆಗೆ ಇನ್ನೆರಡು ಲೆಕ್ಕಗಳನ್ನು ಬಿಡಿಸಿದೆ. ಶಾರ್ಟ್ಸ್‌ನ ಸೆಟ್ಟಿಂಗ್‌ನಲ್ಲಿ Related video ಎಂಬ ಜಾಗವಿದೆ. ಅಲ್ಲಿ ಈ ದೀರ್ಘ ವಿಡಿಯೊವನ್ನು ಜೋಡಿಸಿದೆ. ತರಗತಿಗೆ ಸೇರುವ ಕೊಂಡಿಯನ್ನು ದೀರ್ಘ ವಿಡಿಯೊದ ವಿವರಣೆಯಲ್ಲಿ ಇಟ್ಟೆ.

ದೀರ್ಘವೆಂದರೆ ಉದ್ದವಲ್ಲ

ಇಲ್ಲೂ ಎಡವಿದೆ. ಮೊದಲ ದೀರ್ಘ ವಿಡಿಯೊ 42 ನಿಮಿಷವಿತ್ತು. YouTube Studio ತೋರಿಸುವ ವೀಕ್ಷಣೆಯ ರೇಖೆ ಮೊದಲ ನಿಮಿಷದಲ್ಲೇ ಕುಸಿದಿತ್ತು; ಆ ನಿಮಿಷವೆಲ್ಲ ನಮಸ್ಕಾರ ಮತ್ತು ನನ್ನ ಪರಿಚಯಕ್ಕೆ ಹೋಗಿತ್ತು. ಈಗ ಮೊದಲ ವಾಕ್ಯದಲ್ಲೇ ಲೆಕ್ಕವಿರುತ್ತದೆ. ರೇಖೆ ನಡುವೆ ಉಬ್ಬಿದ್ದರೆ ಮಕ್ಕಳು ಆ ಭಾಗವನ್ನು ಹಿಂದಕ್ಕೆ ಸರಿಸಿ ಮತ್ತೆ ನೋಡಿದ್ದಾರೆಂದು ಅರ್ಥ. ಕೆಲವೊಮ್ಮೆ ಅದು ಇಷ್ಟಪಟ್ಟ ಭಾಗ, ಹೆಚ್ಚಿನ ಸಲ ಅರ್ಥವಾಗದ ಭಾಗ. ಮುಂದಿನ ಶಾರ್ಟ್ಸ್‌ನ ಪ್ರಶ್ನೆ ನನಗೆ ಅಲ್ಲಿಂದಲೇ ಸಿಗುತ್ತದೆ.

ಜಾಹೀರಾತಿನ ಆದಾಯವನ್ನು ನೆಚ್ಚುವವರು ಈ ಲೆಕ್ಕವನ್ನೂ ನೋಡಬೇಕು. ಅದಕ್ಕೆ 1,000 ಚಂದಾದಾರರ ಜೊತೆಗೆ 12 ತಿಂಗಳಲ್ಲಿ 4,000 ಗಂಟೆಗಳ ವೀಕ್ಷಣೆ ಇರಬೇಕು, ಇಲ್ಲವೇ 90 ದಿನಗಳಲ್ಲಿ ಶಾರ್ಟ್ಸ್‌ಗೆ 1 ಕೋಟಿ ವೀಕ್ಷಣೆ ಬರಬೇಕು. ಎರಡನೆಯದೆಂದರೆ ದಿನಕ್ಕೆ ಸುಮಾರು 1,11,000. ಮೊದಲನೆಯದು, ಒಬ್ಬರು ಸರಾಸರಿ ಆರು ನಿಮಿಷ ನೋಡಿದರೆ, ವರ್ಷಕ್ಕೆ 40,000 ವೀಕ್ಷಣೆ. ಶಾರ್ಟ್ಸ್ ಫೀಡಿನಲ್ಲಿ ನೋಡಿದ ಸಮಯ ಆ 4,000 ಗಂಟೆಗೆ ಸೇರುವುದಿಲ್ಲ.

ಕೇಳಿ ಬರೆದಿಟ್ಟುಕೊಳ್ಳುವುದು

ಸೇರುವ ಪ್ರತಿಯೊಬ್ಬರ ಪೋಷಕರನ್ನೂ “ಯಾವ ವಿಡಿಯೊ ನೋಡಿ ಬಂದಿರಿ?” ಎಂದು ಕೇಳಿ ನೋಟ್‌ಬುಕ್ಕಿನಲ್ಲಿ ಬರೆದಿಡುತ್ತೇನೆ. ನಂತರದ ಆರು ತಿಂಗಳಲ್ಲಿ ಸೇರಿದ 14 ಮಕ್ಕಳಲ್ಲಿ 11 ಮಂದಿ ದೀರ್ಘ ವಿಡಿಯೊ ಹೆಸರಿಸಿದರು. ಆದರೆ ಆ 11ರಲ್ಲಿ ಆರು ಮಂದಿಗೆ ಮೊದಲು ಸಿಕ್ಕಿದ್ದು ಶಾರ್ಟ್ಸ್. ಇದು ಒಬ್ಬಳ, ಒಂದೇ ವಿಷಯದ ಅನುಭವ. ಇಂಗ್ಲಿಷ್ ಉಚ್ಚಾರಣೆ ಕಲಿಸುವವರಿಗೆ ಒಂದು ನಿಮಿಷವೇ ಪೂರ್ಣ ಪಾಠವಾಗಬಹುದು. ಗಣಿತದಲ್ಲಿ ಮಾತ್ರ ನಾನೀಗ ವಾರಕ್ಕೆ ಒಂದು ದೀರ್ಘ ವಿಡಿಯೊದ ಪಾಠಯೋಜನೆಯನ್ನು ಮೊದಲು ಬರೆದು, ಅದರಲ್ಲಿ ಮಕ್ಕಳು ತಪ್ಪುವ ಎರಡು ಜಾಗಗಳನ್ನು ಗುರುತಿಸಿ, ಅವುಗಳಿಂದ ಎರಡು ಶಾರ್ಟ್ಸ್ ಮಾಡುತ್ತೇನೆ.